ಅಂಗಿಯ ಒಳಗಿನ ಐದು ಗುರುತುಗಳು

ಕಳೆದ ಮಳೆಗಾಲದ ಒಂದು ಸೋಮವಾರ ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಅವಳ ತಾಯಿ. ಚೀಲದಿಂದ ತೆಗೆದದ್ದು ಒಂದು ಕಡುನೀಲಿ ಸ್ವೆಟರ್. ನಾಲ್ಕು ವರ್ಷದ ಮಗುವಿಗೆ ಹೊಲಿಸಿದಂತಿತ್ತು. ಮುಟ್ಟಿದರೆ ರಟ್ಟಿನ ಹಾಗೆ ಗಡುಸು.

"ಸಾರ್, ಇದು ಇವಳದೇ. ಇವಳಣ್ಣ ಮೊದಲ ಸಂಬಳದಲ್ಲಿ ತಂದುಕೊಟ್ಟಿದ್ದು. ನೀವು ಕ್ಲಾಸಲ್ಲಿ ಹೇಳಿದ್ರಂತಲ್ಲ, ಬಿಸಿನೀರು, ಸೋಡಾ ಹಾಕಿದ್ರೆ ಕೊಳೆ ಚೆನ್ನಾಗಿ ಹೋಗುತ್ತೆ ಅಂತ? ಹಾಗೇ ಒಗೆದಳು" ಎಂದರು ತಾಯಿ. ದೂರುವ ದನಿಯೇನೂ ಇರಲಿಲ್ಲ. ಆದರೆ ಹುಡುಗಿ ತಲೆಯೆತ್ತಿರಲಿಲ್ಲ.

ನಾನು ಹೇಳಿದ್ದು ನಿಜ. ಜಿಡ್ಡು ಬಿಸಿಗೆ ಕರಗುತ್ತದೆ, ಕ್ಷಾರ ಅದನ್ನು ಸಾಬೂನಾಗಿಸಿ ನೀರಿನೊಡನೆ ಬೆರೆಸುತ್ತದೆ ಎಂದು ಬೋರ್ಡಿನ ಮೇಲೆ ಬರೆದೂ ತೋರಿಸಿದ್ದೆ. ಯಾವ ಬಟ್ಟೆಗೆ ಎಂದು ಮಾತ್ರ ಹೇಳಿರಲಿಲ್ಲ. ಅದನ್ನು ಸ್ವೆಟರೇ ಹೇಳುತ್ತಿತ್ತು. ಕತ್ತಿನ ಹಿಂಭಾಗದಲ್ಲಿ ಹೊಲಿದಿದ್ದ ಬೆರಳಗಲದ ಬಿಳಿ ಪಟ್ಟಿಯಲ್ಲಿ "100% ಉಣ್ಣೆ" ಎಂಬರ್ಥದ ಇಂಗ್ಲಿಷ್ ಮಾತು, ಅದರ ಕೆಳಗೆ ಸಾಲಾಗಿ ಪುಟ್ಟ ಚಿತ್ರಗಳು. ಆ ಚಿತ್ರಗಳನ್ನು ಹುಡುಗಿ ಓದಿರಲಿಲ್ಲ. ಓದಲು ಯಾರೂ ಕಲಿಸಿರಲಿಲ್ಲ. ಮರುದಿನ ಆ ಸ್ವೆಟರನ್ನೂ ಒಂದು ಟೆರಿಕಾಟ್ ಶಾಲಾ ಶರಟನ್ನೂ ಮೇಜಿನ ಮೇಲಿಟ್ಟು ನಾವು ಪಾಠ ಮಾಡಿದೆವು. ಈ ವಾರದ ಅಂಕಣ ಅದೇ ಪಾಠ.

ಐದು ಚಿತ್ರ, ಒಂದು ನಿಯಮ

ಈ ಗುರುತುಗಳಿಗೆ ಭಾಷೆಯಿಲ್ಲ. ಒಂದು ದೇಶದಲ್ಲಿ ಹೊಲಿದ ಬಟ್ಟೆಯನ್ನು ಇನ್ನೊಂದು ದೇಶದಲ್ಲಿ ಒಗೆಯುವವರಿಗೂ ತಿಳಿಯಲಿ ಎಂದೇ ಹೀಗೆ ಮಾಡಿದ್ದಾರೆ. ಇದಕ್ಕಾಗಿ ಯುರೋಪಿನ ದೇಶಗಳು ಸೇರಿ 1963ರಲ್ಲಿ ಪ್ಯಾರಿಸ್ಸಿನಲ್ಲಿ ಜಿನೆಟೆಕ್ಸ್ ಎಂಬ ಸಂಘ ಕಟ್ಟಿದವು. 1991ರಲ್ಲಿ ಇದು ಐಎಸ್ಒ 3758 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಮೂಲ ಚಿತ್ರಗಳು ಐದೇ. ನೀರು ತುಂಬಿದ ಬೋಗುಣಿ ಎಂದರೆ ಒಗೆಯುವುದು. ತ್ರಿಕೋನ ಎಂದರೆ ಬ್ಲೀಚ್. ಚೌಕ ಎಂದರೆ ಒಣಗಿಸುವುದು. ಇಸ್ತ್ರಿ ಪೆಟ್ಟಿಗೆಯ ಚಿತ್ರಕ್ಕೆ ವಿವರಣೆ ಬೇಕಿಲ್ಲ. ವೃತ್ತ ಎಂದರೆ ಡ್ರೈಕ್ಲೀನಿಂಗ್ ಅಂಗಡಿಯವರಿಗೆ ಸೂಚನೆ. ಯಾವ ಚಿತ್ರದ ಮೇಲಾದರೂ ಗುಣಾಕಾರದ ಗುರುತಿನಂತೆ ಎರಡು ಗೀಟು ಹೊಡೆದಿದ್ದರೆ ಆ ಕೆಲಸ ಮಾಡಬಾರದು.

ಇವನ್ನೆಲ್ಲ ಓದುವ ನಿಯಮ ಒಂದೇ. ಪಟ್ಟಿ ಹೇಳುವುದು "ಇಷ್ಟು ಮಾಡಬೇಕು" ಎಂದಲ್ಲ, "ಇದಕ್ಕಿಂತ ಹೆಚ್ಚು ಮಾಡಬೇಡಿ" ಎಂದು. ಬೋಗುಣಿಯಲ್ಲಿ 40 ಎಂದಿದ್ದರೆ ತಣ್ಣೀರಿನಲ್ಲೂ ಒಗೆಯಬಹುದು, 40 ದಾಟಬಾರದು. ರಸ್ತೆ ಬದಿಯ ವೇಗಮಿತಿಯ ಫಲಕ ಇದ್ದಂತೆ.

ಬೋಗುಣಿಯಲ್ಲಿ ಕೈ

ಸ್ವೆಟರಿನ ಮೊದಲ ಚಿತ್ರ ಬೋಗುಣಿ, ಅದರೊಳಗೆ ಅದ್ದಿದ ಒಂದು ಕೈ. "ಕೈಯಿಂದ ಮಾತ್ರ ಒಗೆಯಿರಿ, ನೀರು 40 ಡಿಗ್ರಿ ಸೆಲ್ಷಿಯಸ್ ಮೀರದಿರಲಿ" ಎಂದು ಇದರ ಅರ್ಥ. ಹುಡುಗಿಯೂ ಕೈಯಿಂದಲೇ ಒಗೆದಿದ್ದಳು. ಆದರೆ ಸ್ನಾನದ ಹಂಡೆಯ ಕುದಿನೀರು, ಒಗೆಯುವ ಸೋಡಾ, ಕಲ್ಲಿನ ಮೇಲೆ ಬ್ರಷ್! ಚಿತ್ರದಲ್ಲಿರುವ ಕೈ ನೀರಿನಲ್ಲಿ ಮೆಲ್ಲನೆ ಅದುಮುವ ಕೈಯೇ ಹೊರತು ಕಲ್ಲಿಗೆ ಬಡಿಯುವ ಕೈಯಲ್ಲ.

ಸ್ವೆಟರ್ ಏಕೆ ಕುಗ್ಗಿತು? ಮಕ್ಕಳೇ, ಹುಲ್ಲಿನ ತೆನೆಯೊಂದನ್ನು ಅಂಗಿಯ ತೋಳಿನೊಳಗೆ ಸೇರಿಸಿ ಕೈಯಾಡಿಸಿದ್ದೀರಾ? ತೆನೆ ತಾನಾಗಿ ಮೇಲೆ ಮೇಲೆ ಏರುತ್ತದೆ, ಕೆಳಗೆ ಮಾತ್ರ ಇಳಿಯುವುದಿಲ್ಲ. ಅದರ ಮುಳ್ಳುಗಳೆಲ್ಲ ಒಂದೇ ಕಡೆಗೆ ಬಾಗಿರುವುದೇ ಕಾರಣ. ಉಣ್ಣೆಯ ಎಳೆಯೂ ಹಾಗೆಯೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈಮೇಲೆ ಮಂಗಳೂರು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಪೊರೆಗಳು ಕಾಣುತ್ತವೆ. ಎಲ್ಲದರ ಅಂಚೂ ಎಳೆಯ ತುದಿಯ ಕಡೆಗೇ. ಬಿಸಿನೀರಿಗೆ ಎಳೆ ಉಬ್ಬುತ್ತದೆ, ಕ್ಷಾರ ತಾಗಿದರೆ ಇನ್ನಷ್ಟು ಉಬ್ಬಿ ಮೆದುವಾಗಿ ಪೊರೆಗಳ ಅಂಚು ಏಳುತ್ತದೆ. ಆಗ ಉಜ್ಜಿದರೆ ಪ್ರತಿ ಎಳೆಯೂ ತನ್ನ ಬುಡದ ಕಡೆಗೆ ಮಾತ್ರ ಸರಿಯುತ್ತದೆ, ಹಿಂದಕ್ಕೆ ಬರಲಾರದು. ಲಕ್ಷಾಂತರ ಎಳೆಗಳು ಹೀಗೆ ಒಂದರೊಳಗೊಂದು ಸಿಕ್ಕಿಕೊಂಡಾಗ ಬಟ್ಟೆ ಕುಗ್ಗಿ ದಪ್ಪವಾಗುತ್ತದೆ.

ಕಾಶ್ಮೀರದ ನಮ್ದಾ ಹಾಸುಗಳನ್ನು ಮಾಡುವುದು ಇದೇ ಗುಣದಿಂದ. ನೇಯದೆ, ಹೆಣೆಯದೆ, ಉಣ್ಣೆಯನ್ನು ಹರಡಿ ಒದ್ದೆ ಮಾಡಿ ಸುರುಳಿ ಸುತ್ತಿ ಒತ್ತುತ್ತಾರೆ. ನಮ್ಮ ಹುಡುಗಿ ತಿಳಿಯದೆ ಸ್ವೆಟರಿನಿಂದ ನಮ್ದಾ ಮಾಡಿದ್ದಳು! "ಮತ್ತೆ ಎಳೆದು ಸರಿ ಮಾಡಬಹುದಾ ಸಾರ್?" ಎಂದು ಕೇಳಿದಳು. ಆಗದು ಎಂದೇ ಹೇಳಬೇಕಾಯಿತು.

ಶರಟಿನ ಪಟ್ಟಿಯಲ್ಲಿ ಬೋಗುಣಿಯೊಳಗೆ ಕೈ ಇರಲಿಲ್ಲ, 40 ಎಂಬ ಅಂಕಿ ಇತ್ತು. ಬೋಗುಣಿಯ ಕೆಳಗೆ ಒಂದು ಅಡ್ಡಗೆರೆ. ಅಂಕಿ ನೀರಿನ ಗರಿಷ್ಠ ಉಷ್ಣತೆ. ಕೆಳಗಿನ ಗೆರೆ ಎಂದರೆ ಮೆದುವಾಗಿ ಒಗೆಯಿರಿ. ಎರಡು ಗೆರೆ ಇದ್ದರೆ ಇನ್ನೂ ಮೆದುವಾಗಿ. ಟೆರಿಕಾಟ್‌ನಲ್ಲಿ ಹತ್ತಿಯ ಜತೆ ಪಾಲಿಯೆಸ್ಟರ್ ಇರುತ್ತದೆ. ತುಂಬಾ ಬಿಸಿಯಾದ ನೀರಿನಲ್ಲಿ ಪಾಲಿಯೆಸ್ಟರ್ ಎಳೆ ಮೆದುವಾಗತೊಡಗುತ್ತದೆ. ಆ ಸ್ಥಿತಿಯಲ್ಲಿ ಬಲವಾಗಿ ಹಿಂಡಿದರೆ ಬಿದ್ದ ಸುಕ್ಕು ತಣ್ಣಗಾದ ಮೇಲೂ ಹಾಗೆಯೇ ನಿಂತುಬಿಡುತ್ತದೆ. ಯಂತ್ರವಿಲ್ಲದ ಮನೆಯಲ್ಲಿ ಈ ಗೆರೆಯನ್ನು "ಹೆಚ್ಚು ನೀರು, ಕಡಿಮೆ ಬಡಿತ, ಹಿಂಡದಿರಿ" ಎಂದು ಓದಿಕೊಳ್ಳಿ.

ಥರ್ಮಾಮೀಟರ್ ಇಲ್ಲದೆ 40 ಡಿಗ್ರಿ

"ನಲವತ್ತು ಡಿಗ್ರಿ ಅಂತ ನಮಗೆ ಹೇಗೆ ಗೊತ್ತಾಗುತ್ತೆ ಮೇಷ್ಟ್ರೇ?" ಎಂದು ತಾಯಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಇದಕ್ಕೆ ಹೈಸ್ಕೂಲಿನ ಗಣಿತವೇ ಸಾಕು. ಬಿಸಿನೀರು ಕಳೆದುಕೊಂಡ ಶಾಖ, ತಣ್ಣೀರು ಪಡೆದ ಶಾಖಕ್ಕೆ ಸಮ.

ಕುದಿಯುವ ನೀರು 100 ಡಿಗ್ರಿ, ನಲ್ಲಿಯ ನೀರು 25 ಡಿಗ್ರಿ ಎಂದಿಟ್ಟುಕೊಳ್ಳೋಣ. ಬೆರೆಸಿದಾಗ 40 ಆಗಬೇಕು. ಒಂದು ಚೊಂಬು ಕುದಿನೀರು 100ರಿಂದ 40ಕ್ಕೆ ಇಳಿದರೆ 60 ಪಾಲು ಶಾಖ ಬಿಡುತ್ತದೆ. ಒಂದು ಚೊಂಬು ತಣ್ಣೀರು 25ರಿಂದ 40ಕ್ಕೇರಲು ಬೇಕಾದದ್ದು 15 ಪಾಲು. ಅರವತ್ತನ್ನು ಹದಿನೈದರಿಂದ ಭಾಗಿಸಿದರೆ ನಾಲ್ಕು. ಅಂದರೆ ನಾಲ್ಕು ಚೊಂಬು ತಣ್ಣೀರಿಗೆ ಒಂದು ಚೊಂಬು ಕುದಿನೀರು. 30 ಡಿಗ್ರಿಗೆ ಇದೇ ಲೆಕ್ಕ ಮಾಡಿದರೆ ಹದಿನಾಲ್ಕು ಚೊಂಬಿಗೆ ಒಂದು ಬರುತ್ತದೆ. ಮಕ್ಕಳು ಕಾಗದದ ಮೇಲೆ ಮಾಡಿ ನೋಡಿ. ಬಕೆಟ್ಟೂ ಸ್ವಲ್ಪ ಶಾಖ ಕುಡಿಯುವುದರಿಂದ ನಿಜವಾದ ಉಷ್ಣತೆ ಲೆಕ್ಕಕ್ಕಿಂತ ತುಸು ಕಡಿಮೆಯೇ ಇರುತ್ತದೆ. ನಮಗೆ ಅದು ಅನುಕೂಲವೇ. ಮೊದಲು ತಣ್ಣೀರು ಹಾಕಿ, ಕುದಿನೀರನ್ನು ದೊಡ್ಡವರು ಮೇಲಿನಿಂದ ಸುರಿಯಲಿ, ಕದಡಿದ ಮೇಲೆಯೇ ಬಟ್ಟೆ ಹಾಕಲಿ.

ಇನ್ನೊಂದು ಅಳತೆ ನಮ್ಮ ಮೈಯೇ. ದೇಹದ ಉಷ್ಣತೆ 37. ಮೊಣಕೈಯನ್ನು ಅದ್ದಿದಾಗ ಹಿತವಾಗಿ ಬೆಚ್ಚಗಿದ್ದರೆ 40ರ ಆಸುಪಾಸು. ಕೈ ಹಿಂದಕ್ಕೆ ಬಂದರೆ ಮಿತಿ ದಾಟಿದೆ.

ತ್ರಿಕೋನ

ಸ್ವೆಟರಿನ ತ್ರಿಕೋನದ ಮೇಲೆ ಗುಣಾಕಾರದ ಗೀಟಿತ್ತು: ಯಾವ ಬ್ಲೀಚೂ ಬೇಡ. ತ್ರಿಕೋನ ಖಾಲಿ ಇದ್ದರೆ ಯಾವ ಬ್ಲೀಚಾದರೂ ಸರಿ. ತ್ರಿಕೋನದೊಳಗೆ ಎರಡು ಓರೆಗೆರೆ ಇದ್ದರೆ ಆಮ್ಲಜನಕದ ಬ್ಲೀಚ್ ಮಾತ್ರ, ಅಂದರೆ ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಅದನ್ನು ಬಿಡುಗಡೆ ಮಾಡುವ ಪುಡಿ. ಕ್ಲೋರಿನ್ ಬ್ಲೀಚ್ ಕೂಡದು. ಹಳೆಯ ಬಟ್ಟೆಗಳಲ್ಲಿ ತ್ರಿಕೋನದೊಳಗೆ Cl ಎಂದು ಬರೆದಿರುವುದುಂಟು. ಅಲ್ಲಿ ಕ್ಲೋರಿನ್‌ಗೆ ಅನುಮತಿ ಇದೆ.

ಅಂಗಡಿಯಲ್ಲಿ ಸಿಗುವ ದ್ರವರೂಪದ ಬ್ಲೀಚ್ ಸಾಮಾನ್ಯವಾಗಿ ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ಜಾತಿಯದು. ಹತ್ತಿಯ ಬಿಳಿ ಬಟ್ಟೆ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಉಣ್ಣೆ, ರೇಷ್ಮೆಗಳು ಪ್ರೋಟೀನ್. ಅವು ಮೊದಲು ಹಳದಿಯಾಗಿ, ಆಮೇಲೆ ಕರಗಿಯೇ ಹೋಗುತ್ತವೆ. ಬಿಳಿ ಶಾಲಾ ಶರಟಿಗೂ ಜೇಬಿನ ಮೇಲೆ ಬಣ್ಣದ ಬ್ಯಾಡ್ಜ್ ಹೊಲಿದಿದ್ದರೆ ಎಚ್ಚರ ಬೇಕು. ಪಟ್ಟಿ ಶರಟಿಗೆ ಹೊಲಿದದ್ದು. ಬ್ಯಾಡ್ಜನ್ನು ನಾವು ಆಮೇಲೆ ಹೊಲಿಸಿದ್ದು. ಒಂದೇ ಉಡುಪಿನಲ್ಲಿ ಎರಡು ಬಗೆಯ ವಸ್ತು ಇದ್ದರೆ ಹೆಚ್ಚು ನಾಜೂಕಾದದ್ದರ ಮಾತನ್ನೇ ಕೇಳಬೇಕು.

ತಾಯಂದಿರು ಬಳಸುವ ನೀಲಿ ಬ್ಲೀಚ್ ಅಲ್ಲ. ಅದು ಕೊಳೆಯನ್ನಾಗಲಿ ಬಣ್ಣವನ್ನಾಗಲಿ ತೆಗೆಯುವುದಿಲ್ಲ. ಬಟ್ಟೆಯ ಹಳದಿ ಛಾಯೆ ಕಣ್ಣಿಗೆ ಕಾಣದಂತೆ ಅದರ ಮೇಲೆ ತೆಳುನೀಲಿ ಬಣ್ಣ ಹಚ್ಚುತ್ತದೆ, ಅಷ್ಟೆ. ತ್ರಿಕೋನಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದು ಎಚ್ಚರಿಕೆ. ಬ್ಲೀಚನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದೂ ಬೆರೆಸಬೇಡಿ. ವಿಷಾನಿಲವಾದ ಕ್ಲೋರಿನ್ ಹೊರಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಅಪಾಯ.

ಚೌಕ

ಚೌಕದೊಳಗೆ ವೃತ್ತವಿದ್ದರೆ ಬಿಸಿಗಾಳಿಯಲ್ಲಿ ಬಟ್ಟೆಯನ್ನು ಉರುಳಿಸಿ ಒಣಗಿಸುವ ಯಂತ್ರ, ಟಂಬಲ್ ಡ್ರೈಯರ್. ಒಳಗೆ ಒಂದು ಚುಕ್ಕೆ ಇದ್ದರೆ ಕಡಿಮೆ ಬಿಸಿ, ಸುಮಾರು 60 ಡಿಗ್ರಿ. ಎರಡು ಚುಕ್ಕೆಗೆ ಸುಮಾರು 80. ನಮ್ಮ ಸ್ವೆಟರಿನಲ್ಲೂ ಶರಟಿನಲ್ಲೂ ಇದಕ್ಕೆ ಗೀಟು ಹೊಡೆದಿತ್ತು.

ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಮನೆಗಳ ವಾಷಿಂಗ್ ಮೆಷಿನ್ನಿನಲ್ಲಿ ಪಕ್ಕದ ತೊಟ್ಟಿಯನ್ನು "ಡ್ರೈಯರ್" ಎನ್ನುತ್ತೇವಲ್ಲ, ಅದು ಟಂಬಲ್ ಡ್ರೈಯರ್ ಅಲ್ಲ. ಅದು ಬಟ್ಟೆಯನ್ನು ವೇಗವಾಗಿ ತಿರುಗಿಸಿ ನೀರನ್ನು ರಂಧ್ರಗಳಿಂದ ಹೊರಗೆ ಎಸೆಯುತ್ತದೆ, ಶಾಖವಿಲ್ಲ. ಚೌಕದೊಳಗಿನ ವೃತ್ತಕ್ಕೆ ಗೀಟು ಇದ್ದರೆ ನೀರು ಎಸೆಯುವ ಆ ತೊಟ್ಟಿಗೆ ನಿಷೇಧ ಎಂದಲ್ಲ. ಹಿಂಡಬಾರದು ಎಂಬುದನ್ನು ಹೇಳುವ ಗುರುತುಗಳೇ ಬೇರೆ.

ಅವು ವೃತ್ತವಿಲ್ಲದ ಚೌಕಗಳು. ಒಳಗೆ ನೆಟ್ಟಗೆ ಒಂದು ಗೆರೆ ನಿಂತಿದ್ದರೆ ಹಗ್ಗದ ಮೇಲೆ ಒಣಗಹಾಕಿ. ನೆಟ್ಟಗೆ ಎರಡು ಗೆರೆ ಇದ್ದರೆ ಹಿಂಡದೆ, ನೀರು ತೊಟ್ಟಿಕ್ಕುವ ಹಾಗೆಯೇ ತೂಗುಹಾಕಿ. ಗೆರೆ ಮಲಗಿದ್ದರೆ ಬಟ್ಟೆಯನ್ನೂ ಮಲಗಿಸಿ, ಅಂದರೆ ಸಮತಟ್ಟಾಗಿ ಹಾಸಿ ಒಣಗಿಸಿ. ಮಲಗಿದ ಗೆರೆ ಎರಡಿದ್ದರೆ ಹಿಂಡದೆ ಹಾಸಿ. ಚೌಕದ ಎಡ ಮೇಲ್ಮೂಲೆಯಲ್ಲಿ ಓರೆಗೆರೆ ಇದ್ದರೆ ನೆರಳಿನಲ್ಲಿ.

ಸ್ವೆಟರಿನ ಪಟ್ಟಿಯಲ್ಲಿ ಮಲಗಿದ ಒಂದು ಗೆರೆ, ಮೂಲೆಯಲ್ಲಿ ಓರೆಗೆರೆ ಇದ್ದವು. ಒದ್ದೆ ಉಣ್ಣೆ ಬಹಳ ನೀರು ಹಿಡಿದುಕೊಂಡಿರುತ್ತದೆ. ತಂತಿಗೆ ನೇತುಹಾಕಿದರೆ ಆ ಭಾರಕ್ಕೆ ಹೆಣಿಗೆ ಜಗ್ಗಿ, ತೋಳು ಮೊಣಕಾಲಿನವರೆಗೆ ಬರುತ್ತದೆ. ಟವೆಲ್ ಮೇಲೆ ಹಾಸಿ ಚಾಪೆಯಂತೆ ಸುರುಳಿ ಸುತ್ತಿ ಒತ್ತಿದರೆ ಹೆಚ್ಚಿನ ನೀರು ಟವೆಲಿಗೆ ಹೋಗುತ್ತದೆ. ಆಮೇಲೆ ಇನ್ನೊಂದು ಒಣ ಬಟ್ಟೆಯ ಮೇಲೆ ಹರಡಬಹುದು. ಬಿಸಿಲಿನ ಅತಿನೇರಳೆ ಕಿರಣಗಳು ಉಣ್ಣೆಯನ್ನು ಹಳದಿಯಾಗಿಸಿ ಬಣ್ಣವನ್ನು ಮಾಸಿಸುವುದರಿಂದ ನೆರಳು.

ಇಸ್ತ್ರಿ ಪೆಟ್ಟಿಗೆಯ ಚುಕ್ಕೆಗಳು

ಚಿತ್ರದೊಳಗಿನ ಒಂದು ಚುಕ್ಕೆಗೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಇದು ಪೆಟ್ಟಿಗೆಯ ತಳದ ಉಷ್ಣತೆ. ಒಂದು ಚುಕ್ಕೆಯ ಬಟ್ಟೆಗೆ ಹಬೆಯೂ ಬೇಡ. ಮನೆಯ ವಿದ್ಯುತ್ ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ಒಮ್ಮೆ ನೋಡಿ. ಅನೇಕ ಪೆಟ್ಟಿಗೆಗಳಲ್ಲಿ ಅವೇ ಒಂದು, ಎರಡು, ಮೂರು ಚುಕ್ಕೆಗಳಿರುತ್ತವೆ. ಬಟ್ಟೆಯ ಚುಕ್ಕೆಗೆ ಪೆಟ್ಟಿಗೆಯ ಚುಕ್ಕೆ ಹೊಂದಿಸಿದರಾಯಿತು. ಒಳಗಿನ ದ್ವಿಲೋಹ ಪಟ್ಟಿ ಬಿಸಿಯಾಗಿ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ, ತಣ್ಣಗಾಗಿ ನೆಟ್ಟಗಾದಾಗ ಮತ್ತೆ ಕೂಡಿಸುತ್ತದೆ.

ಸ್ವೆಟರಿಗೂ ಶರಟಿಗೂ ಎರಡೆರಡು ಚುಕ್ಕೆಗಳಿದ್ದವು. ಕಾರಣ ಮಾತ್ರ ಬೇರೆ ಬೇರೆ. ಉಣ್ಣೆ ಹೆಚ್ಚು ಬಿಸಿಗೆ ಸುಡುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗುತ್ತದೆ. ಅದಕ್ಕೆ ಎಷ್ಟೋ ಮೊದಲೇ ಮೆತ್ತಗಾಗಿ ಒತ್ತಡಕ್ಕೆ ಚಪ್ಪಟೆಯಾಗುತ್ತದೆ. ಕಡುನೀಲಿ ಪ್ಯಾಂಟಿನ ಮಡಿಕೆಗಳ ಮೇಲೆ ಕನ್ನಡಿಯಂಥ ಹೊಳಪು ಬರುತ್ತದಲ್ಲ, ಅದು ಚಪ್ಪಟೆಯಾದ ಎಳೆಗಳಿಂದ ಮರಳುವ ಬೆಳಕು. ಹೊಳಪು ಕಂಡರೆ ಇಸ್ತ್ರಿ ಹೆಚ್ಚು ಕಾದಿತ್ತು ಎಂದೇ ತಿಳಿಯಿರಿ. ಬಟ್ಟೆಯ ಒಳಬದಿಯನ್ನು ಹೊರಗೆ ಮಾಡಿ, ಮೇಲೊಂದು ತೆಳು ಒದ್ದೆ ಹತ್ತಿಬಟ್ಟೆ ಹಾಸಿದರೆ ಇದು ತಪ್ಪುತ್ತದೆ.

ಬೀದಿಯ ಇಸ್ತ್ರಿ ಅಂಗಡಿಯ ಇದ್ದಿಲು ಪೆಟ್ಟಿಗೆಗೆ ಗುಂಡಿಯೂ ಇಲ್ಲ, ಚುಕ್ಕೆಯೂ ಇಲ್ಲ. ಅನುಭವಿಗಳಾದ ಅಂಗಡಿಯವರು ಬೇರೊಂದು ಚಿಂದಿಯ ಮೇಲೆ ಎಳೆದು ನೋಡಿ, ಮೊದಲು ಹತ್ತಿಬಟ್ಟೆ ಮುಗಿಸಿ, ಕಾವು ಇಳಿದ ಮೇಲೆ ಟೆರಿಕಾಟ್ ತೆಗೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಅವರಿಗೆ ಕೊಡುವಾಗ ಒಂದು ಅಥವಾ ಎರಡು ಚುಕ್ಕೆಯ ಬಟ್ಟೆಗಳನ್ನು ಬೇರೆ ಗಂಟು ಕಟ್ಟಿ ಹೇಳಿ ಕೊಡಿ.

ವೃತ್ತ

ವೃತ್ತದೊಳಗಿನ ಅಕ್ಷರ ಅಂಗಡಿಯವರಿಗೆ. P ಎಂದರೆ ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಕವನ್ನೂ ಬಳಸಬಹುದು. F ಎಂದರೆ ಹೈಡ್ರೋಕಾರ್ಬನ್ ದ್ರಾವಕಗಳು ಮಾತ್ರ. W ಎಂದರೆ ಅವರ ಯಂತ್ರದಲ್ಲಿ ನೀರಿನಿಂದ. F ನೋಡಿ ಮನೆಯಲ್ಲಿ ಪೆಟ್ರೋಲ್ ಹಾಕಿ ಒರೆಸಲು ಹೋಗಬೇಡಿ. ಅದರ ಆವಿಗೆ ಒಲೆಯ ಒಂದು ಕಿಡಿ ಸಾಕು.

ಬೋಗುಣಿಯಲ್ಲಿ ಚುಕ್ಕೆ ಕಂಡರೆ

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಮೆರಿಕಕ್ಕೆಂದು ಹೊಲಿದು ಉಳಿದ ಬಟ್ಟೆಗಳು ನಮ್ಮ ಪೇಟೆಗೂ ಬರುತ್ತವೆ. ಅವುಗಳ ಬೋಗುಣಿಯಲ್ಲಿ ಅಂಕಿಯ ಬದಲು ಚುಕ್ಕೆಗಳಿರಬಹುದು. ಒಂದು ಚುಕ್ಕೆ 30 ಡಿಗ್ರಿ, ಎರಡು 40, ಮೂರು 50, ನಾಲ್ಕು 60. ಬೋಗುಣಿಯ ಎರಡು ಚುಕ್ಕೆ 40 ಡಿಗ್ರಿಯ ನೀರು, ಇಸ್ತ್ರಿಯ ಎರಡು ಚುಕ್ಕೆ 150 ಡಿಗ್ರಿಯ ಲೋಹ. ಚುಕ್ಕೆ ಎಣಿಸುವ ಮೊದಲು ಅದು ಯಾವ ಚಿತ್ರದೊಳಗಿದೆ ಎಂದು ನೋಡಿ.

ಮನೆಯಲ್ಲಿ ಮಾಡಿ ನೋಡಿ

ಪಟ್ಟಿ ಕಿತ್ತುಹೋದ ಸ್ವೆಟರ್ ನಿಜವಾದ ಉಣ್ಣೆಯೋ, ಉಣ್ಣೆಯಂತೆ ಕಾಣುವ ಅಕ್ರಿಲಿಕ್ಕೋ? ಒಳಗಿನ ಹೊಲಿಗೆಯಿಂದ ಎರಡಂಗುಲದ ಎಳೆ ತೆಗೆಯಿರಿ. ದೊಡ್ಡವರು ಜತೆಯಲ್ಲಿರಲಿ, ಕಿಟಕಿ ತೆರೆದಿರಲಿ. ಹಳೆಯ ಗಾಜಿನ ಲೋಟದಲ್ಲಿ ಎರಡು ಚಮಚ ದ್ರವ ಬ್ಲೀಚ್ ಹಾಕಿ, ಎಳೆಯನ್ನು ಮುಳುಗಿಸಿ, ಕೈಗೆ ಸಿಗದ ಕಡೆ ಒಂದು ರಾತ್ರಿ ಇಡಿ. ಇನ್ನೇನನ್ನೂ ಅದಕ್ಕೆ ಬೆರೆಸಬೇಡಿ. ಉಣ್ಣೆಯಾದರೆ ಗುಳ್ಳೆ ಬಿಟ್ಟು ಸಣ್ಣಗಾಗಿ ಬೆಳಗಿನೊಳಗೆ ಕರಗಿರುತ್ತದೆ. ಅಕ್ರಿಲಿಕ್ ಹಾಗೆಯೇ ಉಳಿದಿರುತ್ತದೆ. ಬ್ಲೀಚ್ ಹಳೆಯದಾಗಿದ್ದರೆ ಅದರ ಶಕ್ತಿ ಕುಂದಿರುತ್ತದೆ. ಆದ್ದರಿಂದ ಉಣ್ಣೆಯೆಂದು ಖಚಿತವಾಗಿ ಗೊತ್ತಿರುವ ಒಂದು ಎಳೆಯನ್ನೂ ಜತೆಗೆ ಹಾಕಿ. ಅದು ಕರಗಿದರೆ ಪರೀಕ್ಷೆ ಸರಿಯಾಗಿದೆ.

ನಮ್ಮ ತರಗತಿಯಲ್ಲಿ ಕುಗ್ಗಿದ ಆ ಸ್ವೆಟರಿನದೇ ಒಂದು ಎಳೆ ಹಾಕಿದೆವು. ಬೆಳಿಗ್ಗೆ ಲೋಟದಲ್ಲಿ ಎಳೆ ಇರಲಿಲ್ಲ.

ಸ್ವೆಟರ್ ಈಗ ಹುಡುಗಿಯ ಪುಟ್ಟ ತಂಗಿಯ ಮೈಮೇಲಿದೆ. ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿರುವುದರಿಂದ ಗಾಳಿ ಒಳಗೆ ನುಗ್ಗುವುದಿಲ್ಲವಂತೆ, ಮೊದಲಿಗಿಂತ ಬೆಚ್ಚಗಿದೆಯಂತೆ. ಹೊಸ ಸ್ವೆಟರಿನ ಅರ್ಧ ಬೆಲೆ ನಾನು ಕೊಡುತ್ತೇನೆಂದರೆ ತಾಯಿ ಒಪ್ಪಲಿಲ್ಲ. "ಪಾಠ ಪೂರ್ತಿ ಹೇಳಿಕೊಟ್ರಲ್ಲ, ಅಷ್ಟು ಸಾಕು ಸಾರ್" ಎಂದರು. ಈಗ ಬಿಸಿನೀರು ಮತ್ತು ಸೋಡಾದ ಪಾಠ ಮಾಡುವಾಗ ನಾನು ಮೊದಲು ಬೋರ್ಡಿನ ಮೇಲೆ ಒಂದು ಬೋಗುಣಿ ಬರೆಯುತ್ತೇನೆ. ಅದರೊಳಗೆ ಏನು ಬರೆಯಬೇಕೆಂದು ಮಕ್ಕಳು ತಮ್ಮ ತಮ್ಮ ಕಾಲರ್ ತಿರುಗಿಸಿ ನೋಡಿ ಹೇಳುತ್ತಾರೆ.